ಬಾಗಿಲಿಗೆ ಅಂಗಿ ಹೊಲಿದ ಟೈಲರಕ್ಕ

ಈ ಟೈಲರಕ್ಕನ ವಿಷಯ ಯಾಕೆ ಹೇಳ್ಬೇಕು ಅಂದ್ರೆ, ತನಗೆ ಬರಬೇಕಾದ್ದನ್ನ ಕೇಳುವಾಗ ಅವರು ಬೀದೀಲಿ ನಿಂತು ಕೂಗಾಡಲಿಲ್ಲ, ಯಾರ ಮುಂದೇನೂ ಹಲ್ಲು ಗಿಂಜಲಿಲ್ಲ. ಕೂತು ಒಂದು ಕಾಗದ ಬರೆದ್ರು. ಆ ಕಾಗದದಲ್ಲಿ ತಾವು ಮಾಡಿದ ನಷ್ಟಾನೂ ಬರೆದ್ರು. ಅಷ್ಟು ಧೈರ್ಯ ಎಲ್ರಿಗೂ ಬರಲ್ಲ.

ಅಕ್ಕನ ಯಜಮಾನರು ಬಸ್ ಡ್ರೈವರ್ ಆಗಿದ್ದೋರು. ಒಂದಿನ ಲಕ್ವ ಹೊಡೀತು. ಕಾಲು ಬಿದ್ದುಹೋಯ್ತು, ಬಾಯಿ ಮಾತ್ರ ಗಟ್ಟಿಯಾಗೇ ಉಳೀತು. ಅವತ್ತಿಂದ ಮನೆ ನಡೆದಿದ್ದು ಅಕ್ಕನ ಮೆಷಿನ್ ಮೇಲೆ.

ಅವರು ಬಾಡಿಗೆಗಿದ್ದ ಹಳೇ ಮನೆ ಓನರಿಗೆ ಮಗಳಿಗೋಸ್ಕರ ಆ ಮನೆ ಬೇಕಾಯ್ತು. ಅಕ್ಕ ಬೇರೆ ಮನೆ ಹುಡುಕೋಕೆ ಶುರು ಮಾಡಿದ್ರು. ಹುಡುಕಿ ಹುಡುಕಿ ಚಪ್ಪಲಿ ಸವೀತು. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಸಂದಿ. ಕೊನೆಗೆ ಮೆಟ್ಟಿಲೇ ಇಲ್ಲದ, ವೀಲ್‌ಚೇರು ಸಲೀಸಾಗಿ ನುಗ್ಗೋ ಅಗಲ ಬಾಗಿಲಿನ ಮನೆ ಸಿಕ್ತು. ಹೊಸ ಓನರಮ್ಮ ಅರ್ಧ ಅಡ್ವಾನ್ಸ್ ಇಸ್ಕೊಂಡು ಕೀ ಕೊಟ್ರು. "ಉಳಿದಿದ್ದು ತಿಂಗಳ ಕೊನೆಗೆ ಬರ್ಬೇಕಮ್ಮ. ಇಲ್ಲಾಂದ್ರೆ ಕೇಳೋರು ಸಾಲಾಗಿ ನಿಂತಿದಾರೆ" ಅಂದಿದ್ರು.

ಅಕ್ಕ ಹಳೇ ಮನೆ ತೊಳೆದು, ಗುಡಿಸಿ, ಕೀ ಕೊಟ್ಟು ಬಂದ್ರು. ಹಳೇ ಅಡ್ವಾನ್ಸೂ ವಾಪಸ್ ಬಂತು. ಆದ್ರೆ ಎರಡು ತಿಂಗಳ ಬಾಡಿಗೆಯಷ್ಟು ಕಮ್ಮಿ ಬಂತು. ಹೊಸ ಮನೆಯ ಬಾಕಿಗೆ ಅಕ್ಕ ನಂಬಿದ್ದೇ ಆ ದುಡ್ಡನ್ನ.

ಅಕ್ಕ ಫೋನ್ ಮಾಡಿದ್ರು. "ಅಣ್ಣ, ಏನಕ್ಕೆ ಹಿಡ್ಕೊಂಡ್ರಿ?"

"ಪೇಂಟಿಂಗು, ರಿಪೇರಿ, ಎಲ್ಲಾ ಸೇರಿಸಿ ಕಣಮ್ಮ."

"ಎಲ್ಲಾ ಅಂದ್ರೆ ಯಾವ್ಯಾವುದು ಅಣ್ಣ?"

"ಎಲ್ಲಾ ಅಂದ್ರೆ ಎಲ್ಲಾ! ಇಷ್ಟು ವರ್ಷದಲ್ಲಿ ಯಾವ ಬಾಡಿಗೆಯೋರೂ ಹೀಗೆ ಕೇಳಿಲ್ಲ ನೋಡು."

ಯಜಮಾನರು ಕೂತಲ್ಲಿಂದಲೇ ಹಾರಾಡಿದ್ರು. "ನನ್ನ ಅವನ ಮನೆ ಮುಂದೆ ತಳ್ಕೊಂಡು ಹೋಗಿ ನಿಲ್ಸು. ಹಾರನ್ ಹೊಡೆದಂಗೆ ಕೂಗ್ತೀನಿ."

"ನೀವು ಬ್ರೇಕ್ ಹಾಕ್ಕೊಂಡು ಕೂತ್ಕೊಳ್ಳಿ ರೀ. ನಾನು ಬರೀತೀನಿ."

ಅಕ್ಕ ಯಾವತ್ತೂ ಹೊಲಿಗೆಗೆ ಒಟ್ಟಾಗಿ ಇಷ್ಟು ಕೊಡಿ ಅಂದೋರಲ್ಲ. ಲೈನಿಂಗಿಗೆ ಇಷ್ಟು, ಹುಕ್ಕಿಗೆ ಇಷ್ಟು, ಕೂಲಿ ಇಷ್ಟು ಅಂತ ಬಿಡಿಬಿಡಿಯಾಗಿ ಹೇಳೋರು. ತಾನು ಕೊಡೋ ಲೆಕ್ಕಾನೇ ಬೇರೆಯೋರ ಹತ್ರ ಕೇಳಿದ್ರೆ ತಪ್ಪೇನು ಅಂತ ಅವರ ನ್ಯಾಯ.

ಕಾಗದದಲ್ಲಿ ಮೊದಲು ಕೊಟ್ಟಿದ್ದ ಅಡ್ವಾನ್ಸ್ ಎಷ್ಟು, ಕೀ ಕೊಟ್ಟ ತಾರೀಖು ಯಾವುದು, ಬಂದಿದ್ದೆಷ್ಟು, ಬಾರದೆ ಉಳಿದಿದ್ದೆಷ್ಟು ಅಂತ ಬರೆದ್ರು. ಆಮೇಲೆ ಹೀಗೆ ಬರೆದ್ರು:

"ಅಣ್ಣನವರೇ, ಹಿಡಿದುಕೊಂಡ ಹಣಕ್ಕೆ ಯಾವ ಯಾವ ಕೆಲಸಕ್ಕೆ ಎಷ್ಟೆಷ್ಟು ಅಂತ ಬೇರೆ ಬೇರೆ ಬರೆದು ಕೊಡಿ. ಬಿಲ್ ಇದ್ದರೆ ಅದರ ಕಾಪಿ, ಫೋಟೋ ಇದ್ದರೆ ಫೋಟೋ ಕೊಡಿ. ದಿನಾ ಬಳಸಿ ಸವೆದಿದ್ದಕ್ಕೆ ಹಿಡಿಯುವ ಹಾಗಿಲ್ಲ, ನಾವು ಹಾಳು ಮಾಡಿದ್ದಕ್ಕೆ ಹಿಡಿಯಬಹುದು ಎಂದು ನಮ್ಮ ಅಗ್ರಿಮೆಂಟಲ್ಲಿ ಇದೆ. ಹಾಳು ಮಾಡಿದ್ದನ್ನು ನಾನೇ ಹೇಳುತ್ತೇನೆ. ಕಿಟಕಿ ಗಾಜು ಒಡೆದಿದ್ದು ನಮ್ಮ ವೀಲ್‌ಚೇರು ತಾಗಿ. ಮೆಷಿನ್ ಇಟ್ಟಿದ್ದ ಗೋಡೆಗೆ ಎಣ್ಣೆ ಕಲೆ ನನ್ನಿಂದ ಆಯಿತು. ಈ ಎರಡಕ್ಕೂ ಹಿಡಿದುಕೊಳ್ಳಿ. ಉಳಿದಿದ್ದು ಏನೆಂದು ನನಗೆ ಗೊತ್ತಾಗಬೇಕು. ಹದಿನೈದು ದಿನದೊಳಗೆ ಉತ್ತರ ಕೊಡಿ."

ಅಕ್ಕ ಓದಿ ಹೇಳಿದ್ದು ಕೇಳಿ ಯಜಮಾನರು ಹಣೆ ಚಚ್ಕೊಂಡ್ರು. "ಆ ಎಣ್ಣೆ ಕಲೆ ಅವನು ನೋಡೇ ಇರಲ್ಲ ಕಣೇ!"

"ನಾನು ನೋಡಿದೀನಲ್ಲ ರೀ."

ಎರಡು ಪ್ರತಿ ಬರೆದು, ತಾವೇ ಹೋಗಿ ಕೊಟ್ರು. ಒಂದರ ಕೆಳಗೆ ತಲುಪಿದೆ ಅಂತ ಸಹಿ ಕೇಳಿದ್ರು.

ಓನರಿಗೆ ಸಿಟ್ಟು ನೆತ್ತಿಗೇರ್ತು. "ಕೋರ್ಟಿಗೆ ಹೋಗ್ತೀಯೇನಮ್ಮ?"

"ಇಲ್ಲ ಅಣ್ಣ. ಬಟ್ಟೆ ಕೊಟ್ಟೋರಿಗೆ ನಾನು ಚೀಟಿ ಕೊಡಲ್ವಾ? ಅಷ್ಟೇ ಇದು."

ಬೈಕೊಂಡೇ ಸಹಿ ಹಾಕಿದ್ರು.

ದಿನ ಉರುಳ್ತು. ತಿಂಗಳ ಕೊನೆ ಹತ್ರ ಬಂತು. ಅಕ್ಕ ಕತ್ತರಿ ಹಿಡಿದ ಕೈ ಆಗಾಗ ನಿಲ್ಲಿಸಿ ಆ ಅಗಲ ಬಾಗಿಲ ಕಡೆ ನೋಡೋರು. ಈ ಮನೇನೂ ಕೈತಪ್ಪಿದ್ರೆ ಇವರನ್ನ ಎಲ್ಲಿಗೆ ತಳ್ಕೊಂಡು ಹೋಗೋದು?

ಒಂದು ಮಧ್ಯಾಹ್ನ ಅದೇ ಬಾಗಿಲಲ್ಲಿ ಹಳೇ ಓನರ್ ಬಂದು ನಿಂತ್ರು. ಜೇಬಿಂದ ಮಡಚಿದ ಹಾಳೆ ತೆಗೆದು, "ತಗೊ, ನಿನ್ನ ಬಿಡಿಬಿಡಿ ಲೆಕ್ಕ" ಅಂದ್ರು.

ಅಕ್ಕ ನೀರು ಕೊಟ್ಟು, ಸ್ಟೂಲ್ ಹಾಕಿ, ಜೋರಾಗಿ ಓದಿದ್ರು. ಮನೆ ಪೂರ್ತಿ ಪೇಂಟು. ಕಿಟಕಿ ಗಾಜು. ಕ್ಲೀನಿಂಗು. ಬಚ್ಚಲಿಗೆ ಹೊಸ ಬಾಗಿಲು.

"ಅಣ್ಣ, ಕೀ ಕೊಟ್ಟ ದಿನ ನೆಲ ನೋಡಿ ನೀವೇ ಏನಂದ್ರಿ?"

ಓನರ್ ಕೆಮ್ಮಿದ್ರು. "ಕನ್ನಡಿ ಇದ್ದಂಗೆ ಇದೆ ಅಂದೆ." ಪೆನ್ ಇಸ್ಕೊಂಡು ಕ್ಲೀನಿಂಗನ್ನ ತಾವೇ ಹೊಡೆದು ಹಾಕಿದ್ರು.

"ಪೇಂಟು ನಾವು ಬರೋ ಮೊದಲು ಹೊಡೆಸಿದ್ದು. ಇಷ್ಟು ವರ್ಷಕ್ಕೆ ತಾನಾಗೇ ಮಾಸುತ್ತೆ. ಎಣ್ಣೆ ಬಿದ್ದ ಗೋಡೆ ಒಂದು ನನ್ನದು."

"ಸರಿ, ಅದು ಬಿಡು. ಬಾಗಿಲು? ಬಚ್ಚಲಿಗೆ ಪರದೆ ನೇತಾಡ್ತಾ ಇದೆ. ಬಾಗಿಲೇ ಮಾಯ! ಮಗಳು ಬರ್ತಾಳೆ, ಅಳಿಯ ಬರ್ತಾನೆ, ಪರದೆ ಹಿಂದೆ ಸ್ನಾನ ಮಾಡು ಅನ್ನಲಾ? ನೋಡು, ಮರಗೆಲಸದೋನ ಅಂದಾಜು ಚೀಟೀನೂ ತಂದಿದೀನಿ."

"ಮಾಡಿಸಿದ್ರಾ?"

"ಇನ್ನೂ ಇಲ್ಲ."

"ಮಾಡಿಸ್ಬೇಡಿ ಅಣ್ಣ. ಇವರ ವೀಲ್‌ಚೇರು ನುಗ್ಗಲ್ಲ, ಬಾಗಿಲು ಬಿಚ್ಚಿಡ್ಲಾ ಅಂತ ನಿಮ್ಮನ್ನ ಕೇಳಿರ್ಲಿಲ್ವಾ? ಬಿಚ್ಚಿ ನಮ್ಮ ಮೋಟರ್ ರೂಮಲ್ಲಿಡು ಅಂದಿದ್ರಿ. ಅಲ್ಲೇ ಇದೆ."

"ಅಲ್ಲಿ ಯಾವ ಬಾಗಿಲಮ್ಮ? ಎಂಥದೋ ಕಂದು ಬಟ್ಟೆ ಸುತ್ತಿದ ಮಂಚದ ಹಲಗೆ ಇದೆ."

ಯಜಮಾನರಿಗೆ ನಗು ತಡೆಯೋಕಾಗಲಿಲ್ಲ. "ಮಂಚದ ಹಲಗೆಯಂತೆ! ಮನೆಗೆ ಫೋನ್ ಹಚ್ಚಿ ಸ್ವಾಮಿ."

ಓನರ್ ಹೆಂಡತಿಗೆ ಫೋನ್ ಮಾಡಿ ಮೋಟರ್ ರೂಮಿಗೆ ಕಳಿಸಿದ್ರು. ಫೋನಿನ ಧ್ವನಿ ಮನೆಯೆಲ್ಲಾ ಕೇಳಿಸ್ತಿತ್ತು.

"ಅದರ ಮೇಲೆ ನಿಮ್ಮ ಹಳೇ ಪೇಪರ್ ಕಟ್ಟು ಪೇರಿಸಿದೀರಲ್ರೀ, ಹೇಗೆ ನೋಡ್ಲಿ?"

"ಕೆಳಗಿಳಿಸಿ ನೋಡೇ."

"ಅಯ್ಯೋ, ಇದಕ್ಕೆ ಗುಂಡಿ ಇದೆ! ಅಂಗಿ ಹಾಕಿದಂಗೆ ಹೊಲಿದಿದಾರೆ." ಗುಂಡಿ ಬಿಚ್ಚಿ ಮತ್ತೆ ಕೂಗಿದ್ರು. "ರೀ, ಬಾಗಿಲು ಕಣ್ರೀ! ಚಿಲಕಾನೂ ಇದೆ. ಒಂಚೂರು ಧೂಳಿಲ್ಲ. ಇಲ್ಲೊಂದು ಜೇಬೂ ಇದೆ. ಒಳಗೆ ಕೀಲು, ತಿರುಪು ಎಲ್ಲಾ ಪೊಟ್ಟಣ ಕಟ್ಟಿದೆ."

ಓನರ್ ಫೋನ್ ಇಟ್ಟು, ಅಕ್ಕನ್ನ ನೋಡಿದ್ರು. "ಬಾಗಿಲಿಗೆ ಜೇಬು ಯಾಕಮ್ಮ?"

"ತಿರುಪು ಕಳೆದುಹೋದ್ರೆ ಆಮೇಲೆ ಯಾರ್ ಹುಡುಕ್ತಾರೆ ಅಣ್ಣ?"

ಓನರಿಗೆ ನಗಬೇಕೋ ನಾಚಬೇಕೋ ತಿಳೀಲಿಲ್ಲ. ಬಾಗಿಲಿನ ಸಾಲು ಹೊಡೆಯೋಕೆ ಪೆನ್ ಎತ್ತಿದ್ರು. ಅಕ್ಕ ತಡೆದ್ರು.

"ಪೂರ್ತಿ ಹೊಡೀಬೇಡಿ. ಬಿಚ್ಚಿಸಿದ್ದು ನಾನು. ಕೂರಿಸಿ ಬರ್ಬೇಕಿತ್ತು, ಮನೆ ಬಿಡೋ ಗಡಿಬಿಡೀಲಿ ಮರೆತೆ. ಕೂರಿಸೋ ಕೂಲಿ ನನ್ನ ಲೆಕ್ಕಕ್ಕೆ ಬರೀರಿ."

ಯಜಮಾನರು ಮತ್ತೆ ಹಣೆ ಚಚ್ಕೊಂಡ್ರು. ಈ ಸಲ ನಗ್ತಾ.

ಗಾಜು, ಒಂದು ಗೋಡೆ, ಬಾಗಿಲು ಕೂರಿಸೋ ಕೂಲಿ. ಅಷ್ಟೇ ಉಳೀತು. ಓನರ್ ಹೊಸದಾಗಿ ಬರೆದು ಸಹಿ ಹಾಕಿ, ಉಳಿದ ದುಡ್ಡನ್ನ ಅಲ್ಲೇ ಫೋನಲ್ಲಿ ಕಳಿಸಿದ್ರು. ಹೊರಡುವಾಗ, "ಆ ಅಂಗಿ ವಾಪಸ್ ಬೇಕಾ?" ಅಂತ ಕೇಳಿದ್ರು.

"ಇಟ್ಕೊಳ್ಳಿ ಅಣ್ಣ, ಅದಕ್ಕೆ ಲೆಕ್ಕ ಇಲ್ಲ."

ಸಂಜೆ ಆಗೋ ಮೊದಲೇ ಅಕ್ಕ ಹೊಸ ಓನರಮ್ಮನಿಗೆ ಬಾಕಿ ಅಡ್ವಾನ್ಸ್ ಕೊಟ್ಟು ರಸೀದಿ ಬರೆಸ್ಕೊಂಡು ಬಂದ್ರು. ಆಮೇಲೆ ಅಲ್ಲೀವರೆಗೂ ಬಿಚ್ಚದೇ ಇಟ್ಟಿದ್ದ ಪಾತ್ರೆ ಮೂಟೆ ಬಿಚ್ಚಿದ್ರು.

ನೀವೂ ಒಂದ್ಸಲ ಹೋಗಿ ಅವರನ್ನ ನೋಡಿ. ಹೊಲಿಸೋಕೆ ಬಟ್ಟೆ ಇದ್ರೆ ತಗೊಂಡು ಹೋಗಿ, ಇಲ್ದಿದ್ರೆ ಬರಿಗೈಲೇ ಹೋಗಿ. ಯಜಮಾನರು ಬಾಗಿಲಲ್ಲೇ ಕೂತಿರ್ತಾರೆ. ಒಳಗೆ ಹೋಗೋಕೆ ಟಿಕೆಟ್ ಕೇಳ್ತಾರೆ, ಹೆದರ್ಬೇಡಿ, ತಮಾಷೆಗೆ.