ಹಿಟ್ಟಿನ ಡಬ್ಬಿಗೆ ಹೋಗಿಬಂದ ಫೋನು

ದನಕ್ಕೆ ನೀರು ತುಂಬುವಾಗ ನನ್ನ ಫೋನು ತೊಟ್ಟಿಗೆ ಬಿತ್ತು. ನಾನು ಒರೆಸುವಷ್ಟರಲ್ಲಿ ಅವ್ವ ಅದನ್ನು ಕಸಿದುಕೊಂಡು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಳು. "ಹಿಟ್ಟು ನೀರು ಲಗೂ ಹೀರತೈತಿ" ಎಂದಳು. ಅವ್ವನ ಎದುರು ವಾದಿಸಿ ಗೆದ್ದವರು ನಮ್ಮ ಯಂಕಂಚಿಯಲ್ಲಿ ಇನ್ನೂ ಹುಟ್ಟಿಲ್ಲ.

ಫೋನೇನೋ ಬದುಕಿತು, ದನಿ ಮಾತ್ರ ಕಂಬಳಿಯೊಳಗಿಂದ ಬಂದಂತಾಯಿತು. ಅದೇ ವಾರ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ ನನ್ನ ತಮ್ಮ, ಅವ್ವನಿಗೆಂದು ನನ್ನ ಫೋನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ. ಗೊರಗೊರ ಬಿಟ್ಟರೆ ಏನೂ ತಿಳಿಯಲಿಲ್ಲ. ತಿರುಗಿ ಫೋನ್ ಮಾಡಿದರೆ ಎತ್ತಲಿಲ್ಲ. ಮರುದಿನ ಅವನೇ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವ್ವ ತಟ್ಟೆ ಮುಟ್ಟಲಿಲ್ಲ. ಚಹಾ ಗುಟುಕರಿಸುತ್ತ ಒಂದೇ ಮಾತು: "ನನ್ನ ಮಗ ಏನಂದಾನ, ಅದನ್ನ ಕೇಳಸ."

ಸಿಂದಗಿಯ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಫೋನನ್ನು ಬೋರಲು ಹಿಡಿದು ಒಣ ಬ್ರಷ್‌ನಿಂದ ಸ್ಪೀಕರಿನ ಜಾಲರಿ ತಿಕ್ಕಿದ. ಹಿಟ್ಟು ಉದುರಿತು.

"ರೊಟ್ಟಿ ಬಡಿಯೋದೊಂದ ಬಾಕಿ ನೋಡ್ರಿ ಅಕ್ಕಾರ" ಎಂದ. ನನಗೆ ಸಿಟ್ಟು ಬಂತು. ಯಾಕೆ ಬಂದೆನೆಂದು ಹೇಳಿದೆ, ನಗು ಬಿಟ್ಟು ಫೋನಿನತ್ತ ಬಗ್ಗಿದ.

ಒಂದು ಹಾಡು ಹಚ್ಚಿದ, ಇನ್ನೂ ಒಡಕು. ಸೌಂಡ್ ಸೆಟ್ಟಿಂಗ್ ನೋಡಿದ. ಬೇರೆ ಆ್ಯಪ್‌ಗಳು ಓಡದಂತೆ ಸೇಫ್ ಮೋಡಿನಲ್ಲಿ ಚಾಲೂ ಮಾಡಿದ. ಒಡಕು ಹೋಗಲಿಲ್ಲ. ಇಯರ್‌ಫೋನಿನಲ್ಲಿ ಅದೇ ಹಾಡು ಸ್ವಚ್ಛವಾಗಿತ್ತು.

"ಸಾಫ್ಟ್‌ವೇರ್ ಬರೋಬ್ಬರಿ ಐತ್ರಿ. ಸ್ಪೀಕರ್ ಹೋಗೇತಿ." ಸಿಮ್ ಹಾಕುವ ಸಂದಿಗೆ ಟಾರ್ಚ್ ಬಿಟ್ಟು ತೋರಿಸಿದ. ಒಳಗಿನ ಬಿಳಿ ಪಟ್ಟಿ ಕೆಂಪಾಗಿತ್ತು. ನೀರು ತಾಕಿದರೆ ಹಾಗಾಗುತ್ತದಂತೆ. ಬಿಚ್ಚಿದರೆ ಸ್ಪೀಕರಿನ ತುದಿಯಲ್ಲಿ ಹಸಿರು ಕಿಲುಬು.

ಹೊಸ ಸ್ಪೀಕರ್ ಕೂಡಿಸಿದ. ಹಾಡು ಅಂಗಡಿ ತುಂಬಿತು. ನನ್ನ ಎದೆಯೂ ತುಂಬಿತು. ತಮ್ಮನ ಮೆಸೇಜ್ ಒತ್ತಿದೆ.

ಅದೇ ಗೊರಗೊರ.

ಅಂಗಡಿಯವನು ಇಯರ್‌ಫೋನ್ ಹಚ್ಚಿ ಕೇಳಿದ, ಮೆಲ್ಲಗೆ ತೆಗೆದಿಟ್ಟ. "ಇದು ಫೋನಿನ ದೋಷ ಅಲ್ರಿ. ಮಾತಾಡೋರಿಗೇ ಉಸಿರು ಸಿಕ್ಕಿಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತ ಬಂದೆ. ಇಷ್ಟು ದಿನ ನಾನು ಬೈದದ್ದು ಹಿಟ್ಟಿಗೆ, ನೀರಿಗೆ, ಅವ್ವನಿಗೆ. ಕೆಟ್ಟದ್ದು ನನ್ನ ತಮ್ಮನ ಎದೆ.

ಅವ್ವ ಬಾಗಿಲಲ್ಲೇ ಕೂತಿದ್ದಳು. "ರಿಪೇರಿ ಆತೇನ?"

"ಆಗೇತಿ. ಆದ್ರ ಅವನ ದನಿನೇ ಹಂಗೈತಿ, ಯವ್ವಾ. ತಿಳಿಯೂದಿಲ್ಲ."

ಫೋನನ್ನು ಕಿವಿಗೆ ಒತ್ತಿಕೊಂಡಳು. ಮೊದಲ ಸಲ ಕಣ್ಣು ಮುಚ್ಚಿ ಕೇಳಿದಳು. ಎರಡನೆಯ ಸಲ ಅವಳ ತುಟಿಗಳು ಅವನ ಉಸಿರಿನ ಜೊತೆ ಅಲುಗಿದವು.

"ತಿಳಿಯಾಕೇನೈತಿ? ಸಣ್ಣಾಂವಿದ್ದಾಗಿಂದ ದಮ್ಮು ಹತ್ತಿದ್ರ ಹಿಂಗ ಮಾತಾಡ್ತಿದ್ದ" ಎಂದಳು. "'ಯವ್ವಾ, ಉಂಡೀಯೇನ' ಅಂತಾನ."

ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದು, "ಇಲ್ಲಪಾ, ಇನ್ನೂ ಉಂಡಿಲ್ಲ" ಎಂದಳು.