ನಲವತ್ತೇಳು ಬೈಟ್

ಭಾಲ್ಕಿಯ ಬಸ್ ನಿಲ್ದಾಣದ ಹಿಂದೆ ಆಮ್ರಪಾಲಿಯ ಮೊಬೈಲ್ ರಿಪೇರಿ ಅಂಗಡಿ ಇದೆ. ಬೀದರದಲ್ಲಿ ಐಟಿಐ ಮುಗಿಸಿ ಹದಿನೈದು ವರ್ಷದಿಂದ ಅವಳೇ ನಡೆಸುತ್ತಿದ್ದಾಳೆ. ಫೋನು ಬಿಚ್ಚುವ ಮುಂಚೆ ಕೇಬಲ್ ಹಚ್ಚಿ, ಕಂಪ್ಯೂಟರಿನಿಂದ ಒಂದು ಆದೇಶ ಕೊಟ್ಟು, ಅಪ್ಲಿಕೇಶನ್ನುಗಳ ಒಳಗಿನ ಮಾಹಿತಿಯನ್ನೆಲ್ಲ ಒಂದೇ ಕಡತಕ್ಕೆ ಇಳಿಸಿಕೊಳ್ಳುವುದು ಅವಳ ಪದ್ಧತಿ. ಆಮ್ರಪಾಲಿ ಕಡೆ ಕೊಟ್ಟರೆ ಏನೂ ಹೋಗುವುದಿಲ್ಲ ಎಂದು ಜನ ಅನ್ನುತ್ತಿದ್ದರು.

ಏಳೆಂಟು ವರ್ಷದ ಹಿಂದೆ ಒಬ್ಬ ಬಂದು, ತಂಗಿಯ ಫೋನು, ಒಳಗಿನ ಮೆಸೇಜೆಲ್ಲ ತೆಗೆದುಕೊಡಿ ಅಂದಿದ್ದ. ಅವಳು ಏನೂ ಕೇಳದೆ ತೆಗೆದುಕೊಟ್ಟಳು. ಔರಾದ ಕಡೆಯ ಆ ಹುಡುಗಿಯನ್ನು ಮನೆಯವರು ಆ ಮೆಸೇಜುಗಳನ್ನು ಓದಿ ಹಾಸ್ಟೆಲಿನಿಂದ ಎಳೆದೊಯ್ದರೆಂದು ತಿಂಗಳ ಮೇಲೆ ಗೊತ್ತಾಯಿತು. ಆಮೇಲೆ ಆ ಹುಡುಗಿಯ ಸುದ್ದಿ ಯಾರೂ ಹೇಳಲಿಲ್ಲ. ಆಮ್ರಪಾಲಿ ಕೇಳುವ ಧೈರ್ಯವನ್ನೂ ಮಾಡಲಿಲ್ಲ.

ಹೋದ ಮಾರ್ಚಿನ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬಾತ ಬಂದ. ಹೆಸರು ಸ್ಯಾಮ್ಸನ ಎಂದ. ಮಾತು ಬಹಳ ಮೆತ್ತಗಿತ್ತು.

"ಬಾಯಿ, ಇದು ನನ್ನ ಫೋನೇರಿ. ಇದ್ರಾಗ ಡೈರಿ ಆ್ಯಪ್ ಅದ. ಅದಕ್ಕ ಬೇರೆ ಪಿನ್ ಹಾಕಿದ್ದೆ, ಮರ್ತೇನಿ. ಕೇಬಲ್‌ಲಿಂದ ಬ್ಯಾಕಪ್ ತಗದ್ರ ಪಿನ್ ಬೇಕಾಗಂಗಿಲ್ಲಂತ, ಹೌದಿಲ್ರಿ?"

"ಹಳೇ ಆ್ಯಪ್ ಇದ್ರ ಹೌದ್ರಿ. ನೋಡ್ತೇನಿ."

ಫೋನಿನ ಬೀಗದ ಸಂಖ್ಯೆಯನ್ನು ಅವನೇ ಒತ್ತಿದ. ಅವಳು ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ, ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿ, ಕೇಬಲ್ ಹಚ್ಚಿದಳು. ಈ ಕಂಪ್ಯೂಟರನ್ನು ನಂಬಬಹುದೇ ಎಂದು ಫೋನು ಕೇಳಿತು. ಒಪ್ಪಿದಳು. ಆ ಡೈರಿಯೊಂದಕ್ಕೇ ಬ್ಯಾಕಪ್ ಆದೇಶ ಕೊಟ್ಟಳು. ಪರದೆಯ ಮೇಲೆ ಒಪ್ಪಿಗೆಯ ಗುಂಡಿ ಬಂತು. ಅವಳ ಕೈಗಿಂತ ಮೊದಲು ಸ್ಯಾಮ್ಸನನ ಬೆರಳೇ ಅದನ್ನು ಒತ್ತಿತು.

ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೆಲಸ ಮುಗಿಯಿತು. ಕಡತದ ಅಳತೆ ನಲವತ್ತೇಳು ಬೈಟ್. ಅಂದರೆ ಒಳಗೆ ಏನೂ ಇಲ್ಲ.

"ಬರಂಗಿಲ್ರಿ," ಎಂದಳು. "ಆ್ಯಂಡ್ರಾಯ್ಡ್ ಹನ್ನೆರಡರಿಂದ ಈಚೆಗೆ, ಅದಕ್ಕಂತ ಮಾಡಿದ ಆ್ಯಪ್‌ಗಳ ಮಾಹಿತಿ ಇದ್ರಾಗ ಸೇರಂಗಿಲ್ಲ. ಅದಕ್ಕಿಂತ ಹಳೇವ್ರಾಗೂ ಕೆಲವ್ರು ಬ್ಯಾಕಪ್ ಬ್ಯಾಡ ಅಂತ ಮೊದ್ಲೇ ಬರದಿರ್ತಾರ."

"ಯಾಕ?"

"ಫೋನಿನ ಬೀಗ ಗೊತ್ತಿದ್ದೋರು ಯಾರರ ಕೇಬಲ್ ಹಚ್ಚಿ ಎಲ್ಲಾ ಒಯ್ಯಬಾರದು ಅಂತ್ರಿ."

ಅವನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. "ಇನ್ನೊಮ್ಮೆ ಮಾಡ್ರಿ. ಎಲ್ಲಿಗಿ ಹೋಗ್ತೇನಿ, ಯಾರ ಮನ್ಯಾಗ ಇರ್ತೇನಿ ಅಂತ ಎಲ್ಲಾ ಅದ್ರಾಗೇ ಬರೀತಾಳ ಆಕಿ."

ಆಕಿ. ಅಂದರೆ ಫೋನು ಅವನದಲ್ಲ. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ನಡುಗಿತು. ಪರದೆಯ ಮೇಲೆ 'ಮಮ್ಮಿ', ಅದರ ಕೆಳಗೆ ನಂಬರು. ಅವನು ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಎರಡನೆಯ ಸಲಕ್ಕೆ ನಂಬರು ಅವಳ ತಲೆಯಲ್ಲಿ ಕೂತಿತ್ತು.

"ಫೋನ್ ಬಿಟ್ಟು ಹೋಗ್ರಿ, ಸಂಜಿಗಿ ನೋಡ್ತೇನಿ."

"ಬಿಡಂಗಿಲ್ಲ." ಅವನು ಕೇಬಲನ್ನು ಜಗ್ಗಿ ಕಿತ್ತ. ಬಾಗಿಲಲ್ಲಿ ನಿಂತು ಅಂಗಡಿಯ ಬೋರ್ಡನ್ನು ನಿಧಾನವಾಗಿ ಓದಿದ. "ಆಮ್ರಪಾಲಿ. ಚೊಲೋ ಹೆಸರದ. ನೆನಪಿಡ್ತೇನಿ."

ಅವನ ಬೈಕು ಬೀದರ ರಸ್ತೆಗೆ ತಿರುಗಿದ ಕೂಡಲೇ ಅವಳು ಆ ನಂಬರಿಗೆ ಫೋನು ಹಚ್ಚಿದಳು. ಎತ್ತಿದವಳು ಠಾಣಾ ಕುಶನೂರ ಎಂಬ ಊರಿನ ರೋಸಮ್ಮ. ಆಮ್ರಪಾಲಿ ನಡೆದದ್ದನ್ನು ಹೇಳಿದಳು.

"ನನ್ನ ಮಗಳ ಫೋನ್ರಿ ಅದು! ಮರ್ಸಿ ಅಂತ, ನರ್ಸ್ ಇದ್ದಾಳ. ಗಂಡನ್ನ ಬಿಟ್ಟು ಎಂಟು ದಿನ ಆತು. ನಿನ್ನಿ ಅವನೇ ಬಸ್ಸಿನ್ಯಾಗ ಆಕಿ ಬ್ಯಾಗ್ ಕಸ್ಕೊಂಡು ಹೋಗ್ಯಾನ, ಫೋನ್ ತಿರುಗಿ ಕೊಡು ಅನ್ನಾಕ ಹಚ್ಚಿದ್ರ ಕಟ್ ಮಾಡ್ತಾನ. ಸೋಲಾಪುರದಾಗ ಮನ್ನಿ ಮನ್ನಿ ಒಬ್ಬಾಕಿನ್ನ ಹಿಂಗೇ ಗಂಡ ಹುಡುಕಿ..."

"ಡೈರಿ ಅವನಿಗಿ ಸಿಕ್ಕಿಲ್ರಿ. ಖರೆ ಹೇಳ್ತೇನಿ, ಒಂದಕ್ಷರ ಸಿಕ್ಕಿಲ್ಲ. ಆದ್ರ ಅವ ಸುಮ್ಮನಾಗಂಗಿಲ್ಲ. ಈಗ ಇದ್ದ ಮನಿ ಬಿಡಾಕ ಹೇಳ್ರಿ. ಪೊಲೀಸರಿಗಿ ಬರದು ಕೊಡ್ರಿ, ನಾನೂ ಬಂದು ಹೇಳ್ತೇನಿ."

ಎರಡು ತಾಸಿನ ಮೇಲೆ ಬೀದರದಲ್ಲಿ ಪರಿಚಯದ ರಿಪೇರಿಯವರಿಗೆಲ್ಲ ಫೋನು ಮಾಡಿದಳು. ಮೂರನೆಯವನು ಫರ್ದೀನ. "ಈಗರ ಬಂದು ಹೋದ್ರಿ ಬಾಯಿ. ನನಗೂ ಖಾಲಿ ಫೈಲೇ ಬಂತು. ಹೈದರಾಬಾದಿನ್ಯಾಗ ತಗಿತಾರಂತ, ಅಲ್ಲಿಗಿ ಹೋಗ್ತೇನಿ ಅಂದ."

ಮರ್ಸಿ ಆ ಮಧ್ಯಾಹ್ನವೇ ಬೀದರದ ಗೆಳತಿಯ ಮನೆ ಬಿಟ್ಟಳು. ಎಲ್ಲಿಗೆ ಎಂದು ತಾಯಿಗೂ ಹೇಳಲಿಲ್ಲ. ಆಮ್ರಪಾಲಿ ಠಾಣೆಗೆ ಹೋಗಿ ಹೇಳಿಕೆ ಬರೆಸಿದಳು. ಎರಡು ದಿನದ ಮೇಲೆ ಆ ಗೆಳತಿಯ ಮನೆಯ ಬಾಗಿಲನ್ನು ಯಾರೋ ಒದ್ದು ಮುರಿದಿದ್ದರು. ವಿಳಾಸ ಹೇಗೆ ಸಿಕ್ಕಿತೆಂದು ಯಾರಿಗೂ ತಿಳಿಯಲಿಲ್ಲ.

ಸ್ಯಾಮ್ಸನ ಇನ್ನೂ ಸಿಕ್ಕಿಲ್ಲ. ಮಾಲೀಕರು ಎದುರಿಗೆ ಕೂರದೆ ಆಮ್ರಪಾಲಿ ಈಗ ಯಾವ ಫೋನಿಗೂ ಕೇಬಲ್ ಹಚ್ಚುವುದಿಲ್ಲ. ಗಿರಾಕಿಗಳು ಬೈದು ಹೋಗುತ್ತಾರೆ, ಹೋಗಲಿ ಎನ್ನುತ್ತಾಳೆ. ವಾರಕ್ಕೊಮ್ಮೆ ಗುರುತಿಲ್ಲದ ನಂಬರಿನಿಂದ ಅಂಗಡಿಗೆ ಕರೆ ಬರುತ್ತದೆ. ಆ ಕಡೆಯವರು ಮಾತಾಡುವುದಿಲ್ಲ, ಉಸಿರು ಮಾತ್ರ ಕೇಳಿಸುತ್ತದೆ. ಅವಳು ತಾರೀಖು, ಸಮಯ ಬರೆದಿಟ್ಟು, ಮತ್ತೆ ಕೆಲಸಕ್ಕೆ ಕೂರುತ್ತಾಳೆ.