ಹೊರಗೆ ಬಾರದ ಉಸಿರು

ನಮ್ಮ ಯಜಮಾನರ ಮುಖವನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಅದು ಕೆಂಪಗೆ ಊದಿಕೊಂಡಿದ್ದಾಗ. ಐವತ್ತರ ದಶಕದ ಮಾತು. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಇಬ್ಬರೂ ಒಂದೇ ತರಗತಿ. ಲಕ್ಷ್ಮೀಪುರಂನ ಮನೆಯಿಂದ ಬರುತ್ತಿದ್ದ ನನಗೆ ಅವರೊಡನೆ ಮಾತೇ ಇರಲಿಲ್ಲ. ಅವರು ಹತ್ತಿರದ ಹಳ್ಳಿಯ ಒಕ್ಕಲುಮನೆಯವರು, ಗರಡಿಯಲ್ಲಿ ಸಾಮು ಮಾಡಿದವರು. ಶರ್ಟಿನ ಮೇಲಿನ ಗುಂಡಿಯನ್ನು ಎಂದೂ ಹಾಕುತ್ತಿರಲಿಲ್ಲ.

ಅಂದು ಫಿಸಿಯಾಲಜಿ ಪ್ರಯೋಗಶಾಲೆಯಲ್ಲಿ ಸ್ಪೈರೋಮೀಟರಿನ ಸರದಿ. ನೀರಿನಲ್ಲಿ ಬೋರಲಾಗಿ ತೇಲುವ ತಗಡಿನ ಡಬ್ಬ, ಅದರಿಂದ ಬಾಯಿಗೆ ಒಂದು ಕೊಳವೆ. ಊದಿದರೆ ಡಬ್ಬ ಮೇಲೇಳುತ್ತದೆ, ಎಳೆದರೆ ಇಳಿಯುತ್ತದೆ. ಆ ಏರಿಳಿತವನ್ನು ಒಂದು ಮುಳ್ಳು ಕಾಗದದ ಮೇಲೆ ಗೀಚುತ್ತದೆ. ಸುಮ್ಮನೆ ಉಸಿರಾಡಿದಾಗ ಅವರ ಗೆರೆ ಸಣ್ಣ ಅಲೆಗಳಂತೆ ಬಂತು. ಆಮೇಲೆ ಆದಷ್ಟೂ ಒಳಗೆಳೆದುಕೊಂಡು, ಆದಷ್ಟೂ ಹೊರಗೆ ಊದಿದರು. ಕತ್ತಿನ ನರ ಉಬ್ಬಿತು, ಕಣ್ಣು ಹೊರಬಂತು, ಡಬ್ಬ ಮೇಲೆದ್ದು ನಿಂತಿತು.

"ಸಾರ್, ಎದೆ ಪೂರಾ ಖಾಲಿ ಮಾಡ್ಬುಟ್ಟೆ. ಒಂದು ಚೂರೂ ಉಳ್ದಿಲ್ಲ," ಎಂದರು ಏದುಸಿರಲ್ಲಿ.

"ಭೇಷ್," ಎಂದರು ನಮ್ಮ ಪ್ರೊಫೆಸರು. "ಹಾಗಾದ್ರೆ ನಿನ್ನ ಶ್ವಾಸಕೋಶದ ಒಟ್ಟು ಸಾಮರ್ಥ್ಯ ಎಷ್ಟಪ್ಪಾ?"

ಅವರು ಗೆರೆಯನ್ನು ಅಳೆದು ಒಂದು ಭಾರಿ ಸಂಖ್ಯೆ ಹೇಳಿದರು. ನನಗೆ ತಡೆಯಲಾಗಲಿಲ್ಲ. "ಅದು ಒಟ್ಟು ಅಲ್ಲ ಸಾರ್. ಬರೀ ವೈಟಲ್ ಕೆಪಾಸಿಟಿ, ಊದಿ ಹೊರಗೆ ಹಾಕೋಕೆ ಆಗೋವಷ್ಟು. ಇನ್ನೂ ಉಳಿದಿರತ್ತೆ, ರೆಸಿಡ್ಯುಯಲ್ ಗಾಳಿ."

"ಎಲ್ಲಿದೆ ತೋರ್ಸಿ ನೋಡೋಣ," ಎಂದರು ಪೈಲ್ವಾನರು ನನ್ನತ್ತ ತಿರುಗಿ.

"ನಿಮ್ಮ ಎದೇಲೇ ಇದೆ ಕಣ್ರೀ."

ತರಗತಿ ನಕ್ಕಿತು. ಪ್ರೊಫೆಸರು ನಗಲಿಲ್ಲ. "ಎಷ್ಟಿದೆಯಮ್ಮಾ?" ಎಂದರು.

"ಸಾವಿರದಿನ್ನೂರು ಸಿ.ಸಿ. ಸಾರ್."

"ಅದು ಪುಸ್ತಕದಲ್ಲಿರೋ ಗಂಡಸಿಂದು. ಈ ಗಂಡಸಿಂದು ಹೇಳು."

ನಾನು ಗೆರೆಯನ್ನು ನೋಡಿದೆ, ಡಬ್ಬವನ್ನು ನೋಡಿದೆ, ಕೊನೆಗೆ ನೆಲವನ್ನು ನೋಡಿದೆ. ಈಗ ನಗುವ ಸರದಿ ಪೈಲ್ವಾನರದು.

"ಇಬ್ಬರೂ ಕೂತ್ಕೊಳ್ಳಿ," ಎಂದರು ಪ್ರೊಫೆಸರು. "ಎಷ್ಟೇ ಊದಿದ್ರೂ ಎದೆಗೂಡು ಒಂದು ಮಟ್ಟಕ್ಕಿಂತ ಕುಗ್ಗಲ್ಲ. ಶ್ವಾಸಕೋಶದ ಸಣ್ಣ ನಾಳಗಳೂ ಮುಚ್ಚಿಕೊಳ್ತವೆ. ಒಳಗಿನ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತೆ. ಈ ಡಬ್ಬಕ್ಕೆ ಬಂದು ಹೋಗೋ ಗಾಳಿಯ ಲೆಕ್ಕ ಮಾತ್ರ ಗೊತ್ತು. ಬಾಗಿಲಿಗೇ ಬಾರದವರನ್ನ ಬಾಗಿಲಲ್ಲಿ ಕೂತವನು ಎಣಿಸೋದು ಹೇಗೆ? ಅದಕ್ಕೇ ಒಟ್ಟು ಸಾಮರ್ಥ್ಯವೂ ಇದೊಂದರಿಂದಲೇ ಸಿಗೋದಿಲ್ಲ."

"ಮತ್ತೆ ಎಂಗೆ ಸಾರ್ ಅಳೆಯೋದು?" ಎಂದರು ಇವರು, ಹಟ ಬಿಡದೆ.

ರಕ್ತಕ್ಕೆ ಹೆಚ್ಚುಕಡಿಮೆ ಸೇರದ ಹೀಲಿಯಂ ಅನಿಲವನ್ನು ಬಳಸಬೇಕು ಎಂದರು ಪ್ರೊಫೆಸರು. ಹೀಲಿಯಂ ಎಷ್ಟು ಬೆರೆಸಿದೆ ಎಂದು ಗೊತ್ತಿರುವ ಗಾಳಿಯನ್ನು ಮುಚ್ಚಿದ ಡಬ್ಬದಿಂದ ಉಸಿರಾಡಿಸುತ್ತಾ ಹೋದರೆ, ಅದು ಎದೆಯೊಳಗಿನ ಗಾಳಿಯೊಂದಿಗೂ ಕಲೆತು ತೆಳುವಾಗುತ್ತದೆ. ಎಷ್ಟು ತೆಳುವಾಯಿತು ಎನ್ನುವುದರಿಂದ ಒಳಗೆ ಎಷ್ಟಿತ್ತು ಎಂದು ತಿಳಿಯುತ್ತದೆ. ಸಾಮಾನ್ಯ ಉಸಿರು ಬಿಟ್ಟ ಕೊನೆಗೆ ಇದನ್ನು ಶುರುಮಾಡಿದರೆ, ಬಂದ ಲೆಕ್ಕದಲ್ಲಿ ಇನ್ನೂ ಊದಬಹುದಾದ ಗಾಳಿಯನ್ನು ಸ್ಪೈರೋಮೀಟರಿನಲ್ಲಿ ಅಳೆದು ಕಳೆಯಬೇಕು. ಮಿಕ್ಕಿದ್ದೇ ಆ ಹೊರಬಾರದ ಗಾಳಿ.

"ನಮ್ಮಲ್ಲಿ ಹೀಲಿಯಂ ಇದ್ಯಾ ಸಾರ್?"

"ಗ್ಯಾಸ್ ಒಲೆಗೇ ಗತಿ ಇಲ್ಲ, ಸುಮ್ನಿರು."

ಮರುದಿನ ಕಾಲೇಜಿನ ಮೆಟ್ಟಿಲ ಬಳಿ ಅವರೇ ಬಂದು ನಿಂತರು. "ಪುಸ್ತಕ ಓದ್ದೆ ಕಣ್ರೀ. ನೀವು ಹೇಳಿದ್ದೇ ಸರಿ." ಸೋತೆ ಎಂದು ಒಪ್ಪಿಕೊಳ್ಳಲು ಒಬ್ಬರು ತಾವಾಗಿ ಹುಡುಕಿಕೊಂಡು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಎಲ್ಲವೂ ಆದದ್ದು ಆ ಮೆಟ್ಟಿಲಿಂದಲೇ. ಜಾತಿ ಬೇರೆಯೆಂದು ನಮ್ಮ ತಾಯಿ ಒಂದು ವರ್ಷ ನನ್ನೊಡನೆ ಮಾತು ಬಿಟ್ಟಿದ್ದರು. ಮೊಮ್ಮಗಳು ಹುಟ್ಟಿದ ಮೇಲೆ ಅಳಿಯನಿಗೆ ಮಾತ್ರ ಎರಡೆರಡು ಸೌಟು ತುಪ್ಪ.

ಅವರು ಎದೆರೋಗದ ಡಾಕ್ಟರಾದರು. ರೋಗಿಗಳಿಗೆಲ್ಲ ಸಿಗರೇಟು ಬಿಡಿ ಎನ್ನುತ್ತಾ ತಾವು ಮಾತ್ರ ಸೇದುತ್ತಿದ್ದರು. ಅರವತ್ತರ ದಶಕದಲ್ಲಿ ತರಬೇತಿಗೆಂದು ಹೊರಗಿನ ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿ ಹೀಲಿಯಂ ಯಂತ್ರವಿತ್ತು. ಮೊದಲು ಕೂತು ಅಳೆಸಿಕೊಂಡವರು ಇವರೇ. ಊರಿಗೆ ಬಂದವರು ಕಾಫಿ ಕುಡಿದರು, ಮಗಳನ್ನು ಆಡಿಸಿದರು, ಆ ವಿಷಯ ಎತ್ತಲೇ ಇಲ್ಲ.

"ಎಷ್ಟು ಬಂತ್ರೀ?" ಎಂದೆ.

"ವೈಟಲ್ ಕೆಪಾಸಿಟಿ ಬಲೇ ಚೆನ್ನಾಗಿದೆ."

"ಅದನ್ನ ಕೇಳಲಿಲ್ಲ. ಉಳಿಯೋದು ಎಷ್ಟು?"

ಅವರು ಕಿಟಕಿಯತ್ತ ತಿರುಗಿದರು. "ನನ್ನ ವಯಸ್ಸಿಗೆ ಇರಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿ."

ಇಬ್ಬರೂ ಡಾಕ್ಟರುಗಳು, ಅದರರ್ಥ ಇಬ್ಬರಿಗೂ ಗೊತ್ತಿತ್ತು: ಹೊರಹೋಗಬೇಕಾದ ಗಾಳಿ ಒಳಗೇ ನಿಲ್ಲತೊಡಗಿತ್ತು. ಆದರೂ ನನ್ನ ಬಾಯಿಗೆ ಬಂದದ್ದು, "ಅಂತೂ ಯಾವುದರಲ್ಲೂ ಕಡಿಮೆ ಇರಬಾರದು ನಿಮಗೆ."

ಅವರು ನಕ್ಕರು, ಕೆಮ್ಮಿದರು, ಜೇಬಿನಿಂದ ಸಿಗರೇಟಿನ ಪೊಟ್ಟಣ ತೆಗೆದು ನನ್ನ ಕೈಗಿತ್ತರು. ನಾನು ಅದನ್ನು ನೀರೊಲೆಗೆ ಹಾಕಿದೆ. ಆ ವಾರವೆಲ್ಲ ಅವರ ಸಿಡುಕು ಸಹಿಸಿದ್ದಕ್ಕೆ ನನಗೂ ಒಂದು ಪದಕ ಕೊಡಬೇಕಿತ್ತು.